ನಿದ್ದೆ ಕಡಿಮೆ ಮಾಡಿದ್ದು ಯಾರು?

ಮೊದಲು ಈ ವಾಕ್ಯ ಓದಿ. ಉದಾಹರಣೆಗೆಂದು ನಾನೇ ಕಟ್ಟಿದ್ದು. ಆದರೆ ಇದರ ಅಣ್ಣತಮ್ಮಂದಿರನ್ನು ಸಂಶೋಧನಾ ಪ್ರಬಂಧಗಳಲ್ಲಿ ನೀವು ನೋಡಿಯೇ ಇರುತ್ತೀರಿ.

"ನಿದ್ರಾವಧಿ ಕಡಿತದಿಂದ ಉಂಟಾಗುವ ಸ್ಮರಣಶಕ್ತಿ ಕುಸಿತದ ಮೌಲ್ಯಮಾಪನವನ್ನು ಕೈಗೊಳ್ಳಲಾಯಿತು, ದತ್ತಾಂಶ ನ್ಯೂನತೆಗಳ ನಿವಾರಣೆಯ ನಂತರ ಫಲಿತಾಂಶಗಳ ಮರುವಿಶ್ಲೇಷಣೆಯನ್ನು ನಡೆಸಲಾಯಿತು."

ವ್ಯಾಕರಣದ ತಪ್ಪೇನೂ ಇಲ್ಲ. ಓದಲು ಗಂಭೀರವಾಗಿಯೇ ಇದೆ. ಈಗ ಒಂದೇ ಪ್ರಶ್ನೆ: ನಿದ್ದೆ ಕಡಿಮೆ ಮಾಡಿದ್ದು ಯಾರು?

ಎರಡು ಉತ್ತರ ಸಾಧ್ಯ. ಸಂಶೋಧಕರೇ ಕೆಲವರನ್ನು ಕರೆದು, ಇಷ್ಟು ಹೊತ್ತು ಮಾತ್ರ ಮಲಗಿ ಎಂದು ಹೇಳಿ ಎಬ್ಬಿಸಿರಬಹುದು. ಇಲ್ಲವೇ, ಮೊದಲಿನಿಂದಲೂ ಕಡಿಮೆ ಮಲಗುವವರನ್ನು ಹುಡುಕಿ, ಅವರ ನೆನಪಿನ ಶಕ್ತಿಯನ್ನು ಬೇರೆಯವರ ಜೊತೆ ಹೋಲಿಸಿರಬಹುದು. ಮೊದಲನೆಯದು ಪ್ರಯೋಗ. ಎರಡನೆಯದು ಬರೀ ವೀಕ್ಷಣೆ. ವೀಕ್ಷಣೆಯಲ್ಲಿ ಒಂದು ತೊಡಕಿದೆ. ಕಡಿಮೆ ಮಲಗುವವರು ಯಾವುದೋ ಚಿಂತೆಯಲ್ಲಿರಬಹುದು, ಕಾಯಿಲೆಯಿಂದ ಬಳಲುತ್ತಿರಬಹುದು. ಅವರ ನೆನಪು ಕೆಡಲು ಆ ಚಿಂತೆಯೇ ಕಾರಣ ಇರಬಹುದು, ನಿದ್ದೆ ಅಲ್ಲ. ಹಾಗಿದ್ದರೆ "ಕಡಿತದಿಂದ ಉಂಟಾಗುವ" ಎಂದು ಬರೆಯುವ ಹಕ್ಕೇ ಲೇಖಕರಿಗಿಲ್ಲ. ಇಡೀ ಅಧ್ಯಯನ ಯಾವ ಜಾತಿಯದು ಅನ್ನುವ ವಿಷಯ "ಕಡಿತ" ಎಂಬ ಮೂರಕ್ಷರದ ಪದದೊಳಗೆ ಮುಚ್ಚಿಹೋಗಿದೆ.

ಅದು ಮುಚ್ಚಿಹೋಗುವುದು ಹೇಗೆ? ಕನ್ನಡದ ಕ್ರಿಯಾಪದವನ್ನು ಒಮ್ಮೆ ನೋಡಿ. ಅಳೆದೆ, ಅಳೆದೆವು, ಅಳೆದರು, ಅಳೆಯುತ್ತೇವೆ, ಅಳೆಯಲಿಲ್ಲ. "ಅಳೆದೆವು" ಅಂದರೆ ಸಾಕು, "ನಾವು" ಎಂದು ಬೇರೆ ಬರೆಯಬೇಕಾಗಿಲ್ಲ. ಮಾಡಿದವರು ಯಾರು, ಆಗಿಹೋಯಿತೋ ಇಲ್ಲವೋ, ಎಲ್ಲವೂ ಪದದ ಬಾಲದಲ್ಲೇ ಇದೆ. ಈಗ ಅದೇ ಕೆಲಸವನ್ನು ನಾಮಪದ ಮಾಡಿ: ಮಾಪನ. ಬಾಲ ಕತ್ತರಿಸಿಹೋಯಿತು. ಯಾರು ಅಳೆದರು? ಯಾವಾಗ? ನಿಜವಾಗಿ ಅಳೆದರೋ, ಅಳೆಯಬೇಕೆಂದು ಅಂದುಕೊಂಡರೋ? "ಮಾಪನ" ಇದ್ಯಾವುದನ್ನೂ ಹೇಳುವುದಿಲ್ಲ. ನಡೆದ ಕೆಲಸವೊಂದು ಮೇಜಿನ ಮೇಲಿಟ್ಟ ವಸ್ತುವಿನಂತೆ ಕಾಣತೊಡಗುತ್ತದೆ.

ಭಾಷಾವಿಜ್ಞಾನದಲ್ಲಿ ಇದಕ್ಕೆ ನಾಮೀಕರಣ ಎನ್ನುತ್ತಾರೆ. ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ರೋಗ ಸಂಸ್ಕೃತ ಪದಗಳದ್ದು ಅಂದುಕೊಂಡು "ಮಾಪನ" ತೆಗೆದು "ಅಳೆಯುವಿಕೆ" ಹಾಕುತ್ತಾರೆ, "ನಿವಾರಣೆ" ತೆಗೆದು "ತೆಗೆದುಹಾಕುವಿಕೆ" ಹಾಕುತ್ತಾರೆ. ಪದ ಅಚ್ಚಕನ್ನಡ ಆಯಿತು, ಸರಿ. ಆದರೆ ಅಳೆದವರು ಇನ್ನೂ ಪತ್ತೆ ಇಲ್ಲ. ಸುಮ್ನೆ ಉದ್ದ ಜಾಸ್ತಿ ಆಯಿತು, ಅಷ್ಟೇ. "-ವಿಕೆ" ಕಂಡಲ್ಲೆಲ್ಲ ನನಗಂತೂ ಪೆನ್ಸಿಲ್ ಹುಡುಕುವಂತಾಗುತ್ತದೆ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಕೊಡುವ ಇನ್ನೊಂದು ಸಲಹೆಯೂ ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲ. ನಾಮಪದಕ್ಕೆ "ಮಾಡು" ಅಂಟಿಸಿದ ಕಡೆಯೆಲ್ಲ ಅದನ್ನು ಕಿತ್ತುಹಾಕಿ, ಒಂದೇ ಕ್ರಿಯಾಪದ ಇಡಿ ಎನ್ನುವುದು ಆ ಸಲಹೆ. ಆದರೆ ನಾವು ಕೆಲಸ ಮಾಡುತ್ತೇವೆ, ಊಟ ಮಾಡುತ್ತೇವೆ, ಫೋನ್ ಮಾಡುತ್ತೇವೆ. ನಾಮಪದದ ಜೊತೆ "ಮಾಡು" ಸೇರುವುದು ಕನ್ನಡದ ಹುಟ್ಟುಗುಣ. "ವಿಶ್ಲೇಷಣೆ ಮಾಡಿದೆವು" ಎಂಬುದರಲ್ಲಿ ಮಾಡಿದವರು ಕಾಣುತ್ತಾರೆ, ಅದನ್ನು ಬಿಟ್ಟುಬಿಡಿ. ತೊಂದರೆ ಇರುವುದು "ಮಾಡಲಾಯಿತು", "ಕೈಗೊಳ್ಳಲಾಯಿತು", "ನಡೆಸಲಾಯಿತು" ಇವುಗಳಲ್ಲಿ. "-ಲಾಯಿತು" ಬಂದರೆ ಕ್ರಿಯಾಪದದ ಬಾಲದಿಂದಲೂ ಕರ್ತೃ ಜಾರಿಕೊಳ್ಳುತ್ತಾನೆ. ನಮ್ಮ ಮಾದರಿ ವಾಕ್ಯದಲ್ಲಿ ಎರಡೂ ಕಡೆ ಬೀಗ ಬಿದ್ದಿದೆ. ಕೆಲಸವೆಲ್ಲ ನಾಮಪದದಲ್ಲಿ ಅಡಗಿದೆ, ಉಳಿದ ಕ್ರಿಯಾಪದವೂ ಬಾಯಿ ಬಿಡುವುದಿಲ್ಲ.

ನಾಮಪದಗಳು ಒಂದರ ಮೇಲೊಂದು ಕೂತಾಗ ಪರಿಸ್ಥಿತಿ ಇನ್ನೂ ಕೆಡುತ್ತದೆ. "ಮಕ್ಕಳ ನಿದ್ರಾ ಮಾಪನ" ತೆಗೆದುಕೊಳ್ಳಿ. ಬರೀ ಮೂರು ಪದ. "ಮಕ್ಕಳ ನಿದ್ರಾ" ಎಂಬುದನ್ನು ಮೊದಲು ಕಟ್ಟಿದರೆ, ಮಕ್ಕಳು ಎಷ್ಟು ಮಲಗುತ್ತಾರೆಂದು ಬೇರೆ ಯಾರೋ ಅಳೆದರು ಎಂದಾಗುತ್ತದೆ. "ನಿದ್ರಾ ಮಾಪನ" ಮೊದಲು ಕಟ್ಟಿದರೆ, ಮಕ್ಕಳೇ ತಮ್ಮ ನಿದ್ದೆಯ ಲೆಕ್ಕ ಬರೆದಿಟ್ಟರು ಎಂತಲೂ ಆಗಬಹುದು. ಕೈಗೆ ಕಟ್ಟಿದ ಯಂತ್ರ ಕೊಟ್ಟ ಅಂಕಿಗೂ ಮಗು ನೆನಪಿನಿಂದ ಬರೆದ ಅಂಕಿಗೂ ಎಷ್ಟು ವ್ಯತ್ಯಾಸ, ಅಲ್ವಾ?

ಹೀಗೆ ಕಟ್ಟುವ ರೀತಿಗಳು ಎಷ್ಟಿವೆ ಎಂದು ಗಣಿತದಲ್ಲಿ ಲೆಕ್ಕ ಹಾಕಬಹುದು. ಅದು ಕ್ಯಾಟಲಾನ್ ಸಂಖ್ಯೆಗಳ ಸರಣಿ. 3 ನಾಮಪದ ಇದ್ದರೆ 2 ರೀತಿ, 4 ಇದ್ದರೆ 5, 5 ಇದ್ದರೆ 14, 6 ಇದ್ದರೆ 42. ಒಂದು ಪದ ಸೇರಿಸಿದಾಗ ಗೊಂದಲ ಒಂದು ಹೆಜ್ಜೆ ಏರುವುದಿಲ್ಲ, ಜಿಗಿಯುತ್ತದೆ. ಇವುಗಳಲ್ಲಿ ಬಹುಪಾಲು ಅರ್ಥವಿಲ್ಲದ ಜೋಡಣೆಗಳು ನಿಜ. ಆ ಕ್ಷೇತ್ರದಲ್ಲಿ ಹತ್ತು ವರ್ಷ ಕಳೆದವರು ಅವನ್ನು ಗಮನಿಸದೆಯೇ ತಳ್ಳಿಹಾಕುತ್ತಾರೆ. ಹಾಗಾಗಿ ಬರೆದವರಿಗೆ ತಮ್ಮ ವಾಕ್ಯ ಸ್ಪಷ್ಟವಾಗಿಯೇ ಕಾಣುತ್ತದೆ. ಹೊಸ ಓದುಗರಿಗೆ ಯಾವುದನ್ನು ತಳ್ಳಬೇಕು ಎಂಬುದೇ ಗೊತ್ತಿರುವುದಿಲ್ಲ.

ಈಗ ವಾಕ್ಯವನ್ನು ಬಿಚ್ಚೋಣ. ಮೊದಲು ಒಳಗೆ ಒಂದು ಕೆಲಸ ಅಡಗಿರುವ ನಾಮಪದಗಳಿಗೆಲ್ಲ ಗೆರೆ ಎಳೆಯಿರಿ. ಗುರುತಿಸುವುದು ಸುಲಭ. ಆ ಪದವನ್ನು "-ಉವುದು" ರೂಪಕ್ಕೆ ತಂದು, ಅದರ ಮೊದಲು "ಯಾರು" ಇಲ್ಲವೇ "ಯಾವುದು" ಇಟ್ಟು ನೋಡಿ. ಯಾರು ಕಡಿಮೆ ಮಾಡುವುದು? ಯಾರು ಅಳೆಯುವುದು? ಯಾವುದು ಕುಸಿಯುವುದು? ಪ್ರಶ್ನೆ ಹೊಂದಿದರೆ ಒಳಗೆ ಕೆಲಸ ಇದೆ ಎಂದರ್ಥ. "ಯಾರು ದತ್ತಾಂಶಿಸುವುದು" ಎಂದು ಕೇಳಲಾಗದು, ಹಾಗಾಗಿ ಅದು ಬರೀ ವಸ್ತು. ನಮ್ಮ ವಾಕ್ಯದಲ್ಲಿ ಐದಕ್ಕೆ ಗೆರೆ ಬೀಳುತ್ತದೆ: ಕಡಿತ, ಕುಸಿತ, ಮೌಲ್ಯಮಾಪನ, ನಿವಾರಣೆ, ಮರುವಿಶ್ಲೇಷಣೆ.

ಆಮೇಲೆ ಒಂದೊಂದಕ್ಕೂ ಉತ್ತರ ಬರೆಯಿರಿ. ಕಡಿಮೆ ಮಾಡಿದ್ದು ಸಂಶೋಧಕರು, ಅಂದರೆ ಇದು ಪ್ರಯೋಗ ಎಂದಿಟ್ಟುಕೊಳ್ಳೋಣ. ಕುಸಿದದ್ದು ಸ್ವಯಂಸೇವಕರ ನೆನಪು. ಅಳೆದದ್ದು ಮತ್ತೆ ಸಂಶೋಧಕರು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. "ದತ್ತಾಂಶ ನ್ಯೂನತೆಗಳ ನಿವಾರಣೆ" ಅಂದರೆ ನಿಜಕ್ಕೂ ಏನು ಮಾಡಿದರು? ಯಂತ್ರ ಕೆಟ್ಟಿತ್ತೇ? ಯಾರದ್ದಾದರೂ ಅಂಕಗಳನ್ನು ತೆಗೆದುಹಾಕಿದರೇ? ಇದಕ್ಕೆ ಉತ್ತರ ವಾಕ್ಯದಲ್ಲಿಲ್ಲ, ಬರೆದವರನ್ನೇ ಕೇಳಬೇಕು. ಅವರು ಹೇಳಿದರು ಅಂದುಕೊಳ್ಳಿ. ಆಗ ವಾಕ್ಯ ಹೀಗಾಗುತ್ತದೆ:

"40 ಸ್ವಯಂಸೇವಕರಿಗೆ ಸತತ 3 ರಾತ್ರಿ ತಲಾ 5 ಗಂಟೆ ಮಾತ್ರ ಮಲಗಲು ಬಿಟ್ಟೆವು. ನಾಲ್ಕನೆಯ ದಿನ 20 ಪದಗಳ ಪಟ್ಟಿ ಓದಿಸಿ, ಅರ್ಧ ಗಂಟೆಯ ನಂತರ ಎಷ್ಟು ನೆನಪಿವೆ ಎಂದು ಕೇಳಿದೆವು. ಅದೇ ಜನ 8 ಗಂಟೆ ಮಲಗಿದ ವಾರದಲ್ಲಿ ಪಡೆದ ಅಂಕಗಳ ಜೊತೆ ಹೋಲಿಸಿದೆವು. 6 ಮಂದಿ ಹಗಲಲ್ಲಿ ನಿದ್ದೆ ಮಾಡಿದ್ದರು. ಅವರ ಅಂಕಗಳನ್ನು ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿದೆವು."

ಉದ್ದ ಜಾಸ್ತಿ ಆಗಿದೆ, ಒಪ್ಪುತ್ತೇನೆ. ಆದರೆ ಸೇರಿದ್ದೆಲ್ಲ ಮಾಹಿತಿಯೇ. ಮೊದಲಿನ ವಾಕ್ಯ ಚಿಕ್ಕದಾಗಿದ್ದದ್ದು ಬಿಗಿಯಾಗಿ ಬರೆದದ್ದರಿಂದಲ್ಲ, ಹೇಳಬೇಕಾದ್ದನ್ನು ಹೇಳದೆ ಬಿಟ್ಟದ್ದರಿಂದ. ಈಗ ಓದುಗರು ಜಗಳಕ್ಕೂ ನಿಲ್ಲಬಹುದು: 6 ಮಂದಿಯನ್ನು ಬಿಡುವ ತೀರ್ಮಾನ ಮಾಡಿದ್ದು ಫಲಿತಾಂಶ ನೋಡುವ ಮೊದಲೋ ಆಮೇಲೋ? "ನ್ಯೂನತೆಗಳ ನಿವಾರಣೆ" ಎಂದಿದ್ದಾಗ ಈ ಪ್ರಶ್ನೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಬಿಚ್ಚುವಾಗ ಎಡವುವ ಜಾಗ ಒಂದಿದೆ. ಕರ್ತೃ ಬೇಕು ಎಂಬ ಆತುರಕ್ಕೆ ಯಾರನ್ನೋ ತಂದು ಕೂರಿಸುತ್ತಾರೆ. "ಈ ಅಧ್ಯಯನವು ನಿದ್ದೆಯ ಪಾತ್ರವನ್ನು ಪರಿಶೀಲಿಸುತ್ತದೆ." "ದತ್ತಾಂಶವು ನಮ್ಮ ವಾದವನ್ನು ಬೆಂಬಲಿಸುತ್ತದೆ." ವ್ಯಾಕರಣದ ಪ್ರಕಾರ ಕರ್ತೃ ಇದೆ, ಕ್ರಿಯಾಪದವೂ ಇದೆ. ಆದರೆ ಅಧ್ಯಯನ ಪರಿಶೀಲಿಸುವುದಿಲ್ಲ, ಮನುಷ್ಯರು ಪರಿಶೀಲಿಸುತ್ತಾರೆ. ಎರಡನೆಯ ವಾಕ್ಯದಲ್ಲಿ ಅಪಾಯ ಹೆಚ್ಚು. ಅಂಕಿಗಳನ್ನು ಹೀಗೆ ಅರ್ಥ ಮಾಡಿಕೊಂಡದ್ದು ಲೇಖಕರು. ಬೇರೆಯವರು ಬೇರೆ ರೀತಿ ಅರ್ಥ ಮಾಡಿಕೊಳ್ಳಬಹುದಿತ್ತು. ಆ ಸಾಧ್ಯತೆಯನ್ನು ವಾಕ್ಯ ಮುಚ್ಚಿಬಿಡುತ್ತದೆ.

ಹಾಗಂತ ನಾಮಪದಗಳನ್ನೆಲ್ಲ ಒಡೆದುಹಾಕಬೇಕಾ? ಖಂಡಿತ ಬೇಡ. ನಾಮೀಕರಣವನ್ನು ಆಳವಾಗಿ ಅಭ್ಯಾಸ ಮಾಡಿದ ಭಾಷಾವಿಜ್ಞಾನಿ ಮೈಕೆಲ್ ಹ್ಯಾಲಿಡೇ ಅದನ್ನು ವ್ಯಾಕರಣದ ರೂಪಕ ಎಂದು ಕರೆದರು. ನಡೆದ ಘಟನೆಗೆ ವಸ್ತುವಿನ ವೇಷ ಹಾಕುವುದು ಎಂಬರ್ಥದಲ್ಲಿ. ನ್ಯೂಟನ್ 1704ರಲ್ಲಿ ಬೆಳಕಿನ ಬಗ್ಗೆ ಪ್ರಕಟಿಸಿದ ಬರಹವನ್ನೂ ಅವರು ಈ ಕಣ್ಣಿನಿಂದ ನೋಡಿದರು. ಅಲ್ಲಿ ಅವರಿಗೆ ಕಂಡದ್ದು ಬರೀ ಕೆಟ್ಟ ಚಟವಲ್ಲ, ಒಂದು ಉಪಯೋಗ. ವಾದ ಮಾಡುವಾಗ ಹಿಂದಿನ ವಾಕ್ಯದಲ್ಲಿ ಹೇಳಿದ್ದನ್ನು ಗಂಟು ಕಟ್ಟಿ ಮುಂದಿನ ವಾಕ್ಯಕ್ಕೆ ಒಯ್ಯಬೇಕಾಗುತ್ತದೆ. "ಸ್ವಯಂಸೇವಕರು ಮೊದಲಿಗಿಂತ ಕಡಿಮೆ ಪದ ನೆನಪಿಟ್ಟುಕೊಂಡರು. ಈ ಕುಸಿತ ಎರಡೇ ದಿನದಲ್ಲಿ ಸರಿಹೋಯಿತು." ಇಲ್ಲಿ "ಕುಸಿತ" ಒಳ್ಳೆಯ ಕೆಲಸ ಮಾಡಿದೆ. ಕುಸಿದದ್ದು ಏನು, ಯಾರದ್ದು ಎಂದು ಓದುಗರಿಗೆ ಆಗಲೇ ಗೊತ್ತಿದೆ. ಮೊದಲು ವಾಕ್ಯವಾಗಿ ಬಂದ ಮೇಲೆ ನಾಮಪದವಾದರೆ ಏನೂ ಕಳೆದುಹೋಗುವುದಿಲ್ಲ. ಮೊದಲ ಸಲವೇ ಗಂಟಾಗಿ ಬಂದರೆ ಕಷ್ಟ.

"-ಲಾಯಿತು" ಕೂಡ ಕೆಲವು ಕಡೆ ಇರಲಿ. "ಮಾದರಿಗಳನ್ನು 60 ಡಿಗ್ರಿಯಲ್ಲಿ ಒಣಗಿಸಲಾಯಿತು" ಎಂದರೆ ಒಣಗಿಸಿದವರ ಹೆಸರು ಯಾರಿಗೂ ಬೇಕಿಲ್ಲ. ಯಾರು ಒಣಗಿಸಿದರೂ ಅಷ್ಟೇ. ಆದರೆ "ಸೂಕ್ತವಲ್ಲದ ಮಾದರಿಗಳನ್ನು ಕೈಬಿಡಲಾಯಿತು" ಎಂಬುದು ಹಾಗಲ್ಲ. ಸೂಕ್ತವಲ್ಲ ಅಂದದ್ದು ಯಾರೋ ಒಬ್ಬರು, ಯಾವುದೋ ಅಳತೆಗೋಲು ಇಟ್ಟುಕೊಂಡು. ಕೈಕೆಲಸಕ್ಕೆ "-ಲಾಯಿತು" ನಡೆಯುತ್ತದೆ, ತೀರ್ಮಾನಕ್ಕೆ ನಡೆಯುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಅಧಿಕಾರದಲ್ಲಿರುವವರು ನಾಮೀಕರಣ ಬಳಸಿ ಹೊಣೆ ತಪ್ಪಿಸಿಕೊಳ್ಳುತ್ತಾರೆ ಎಂದು ಕೆಲವು ಭಾಷಾ ವಿಮರ್ಶಕರು ಬಹಳ ಕಾಲದಿಂದ ಬರೆಯುತ್ತಿದ್ದರು. 2008ರಲ್ಲಿ ಮೈಕೆಲ್ ಬಿಲಿಗ್ ಎಂಬ ವಿದ್ವಾಂಸರು ಆ ವಿಮರ್ಶಕರ ಬರಹಗಳನ್ನೇ ಹಿಡಿದು ನೋಡಿದರು. ಆ ವಿಮರ್ಶಕರೂ ಅದನ್ನೇ ಮಾಡುತ್ತಿದ್ದರು! "ನಾಮೀಕರಣ" ಎಂಬ ಪದವೇ ಒಂದು ನಾಮೀಕರಣ ಅಲ್ವಾ? ಈ ಲೇಖನದಲ್ಲಿ ನಾನು ಅದನ್ನು ಎಷ್ಟು ಸಲ ಬಳಸಿದೆನೋ.

ಬೇರೆಯವರ ಕರಡು ತಿದ್ದುವಾಗ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ. "ಇದನ್ನು ಮಾಡಿದ್ದು ಯಾರು" ಎಂದು ಪಕ್ಕದಲ್ಲಿ ಬರೆದು ಕಳಿಸಿದರೆ, ಹೆಚ್ಚಿನವಕ್ಕೆ ಕೂಡಲೇ ಉತ್ತರ ಬರುತ್ತದೆ. ಒಂದೆರಡಕ್ಕೆ ತಡವಾಗುತ್ತದೆ. ತಡವಾಗುವುದು ಸಾಮಾನ್ಯವಾಗಿ "ನಿವಾರಣೆ", "ಆಯ್ಕೆ", "ವರ್ಗೀಕರಣ" ಇಂಥ ಪದಗಳಿಗೆ. ತಂಡದಲ್ಲಿ ಯಾರು ಯಾವ ಕಾರಣಕ್ಕೆ ಹಾಗೆ ಮಾಡಿದರು ಎಂಬುದು ಬರೆದವರಿಗೂ ನೆನಪಿರುವುದಿಲ್ಲ. ಆಗ ವಾಕ್ಯವನ್ನು ಹಾಗೇ ಪಕ್ಕಕ್ಕಿಟ್ಟು, ಪ್ರಯೋಗದ ದಿನಚರಿ ಪುಸ್ತಕ ತೆಗೆಯಬೇಕಾಗುತ್ತದೆ.