ಅರಳದೆ ಉಳಿದ ಕಾಳು

ಮಲ್ಲೇಶ್ವರದಿಂದ ಬಂದಿದ್ದ ಮಹಿಳೆಯೊಬ್ಬರು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರ ತುಂಬ ಅರಳದೆ ಉಳಿದ ಪಾಪ್‌ಕಾರ್ನ್ ಕಾಳುಗಳಿದ್ದವು. "ಇಡೀ ಧಾನ್ಯ ತಿನ್ನಿ ಎಂದು ನೀವೇ ಹೇಳಿದ್ದಿರಿ ಮೇಡಂ. ಪಾಪ್‌ಕಾರ್ನ್ ಆ ಲೆಕ್ಕಕ್ಕೆ ಬರುತ್ತದೆಯೇ? ಬರುವುದಾದರೆ ಇಷ್ಟೊಂದು ಕಾಳು ಏಕೆ ಹೀಗಾಗುತ್ತವೆ?"

ಬರುತ್ತದೆ. ಕಾಳಿನ ಹೊರಸಿಪ್ಪೆ, ಮೊಳಕೆಯ ಭಾಗ, ಒಳಗಿನ ಪಿಷ್ಟ ಮೂರೂ ಉಳಿದಿದ್ದರೆ ಅದು ಇಡೀ ಧಾನ್ಯ. ಅರಳಿನಲ್ಲಿ ಯಾವುದನ್ನೂ ತೆಗೆದಿರುವುದಿಲ್ಲ, ಒಳಗಿನದು ಹೊರಗೆ ಬಂದಿರುತ್ತದೆ ಅಷ್ಟೇ. ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಕಾಡುವ ಆ ಕಂದು ಚೂರು ಇದೆಯಲ್ಲ, ನಾರು ಹೆಚ್ಚಾಗಿರುವುದು ಅದರಲ್ಲೇ. ಬೆಣ್ಣೆ, ಉಪ್ಪು ಸುರಿದರೆ ಧಾನ್ಯ ಬದಲಾಗುವುದಿಲ್ಲ, ಊಟದ ಲೆಕ್ಕ ಬದಲಾಗುತ್ತದೆ.

ಎರಡನೆಯ ಪ್ರಶ್ನೆಗೂ ಉತ್ತರ ಆ ಸಿಪ್ಪೆಯಲ್ಲೇ ಇದೆ. ಚೆನ್ನಾಗಿ ಅರಳುವ ಕಾಳಿನಲ್ಲಿ ಸುಮಾರು ಶೇಕಡಾ 14ರಷ್ಟು ನೀರಿರುತ್ತದೆ. ಬಾಣಲೆಯ ಬಿಸಿಗೆ ಅದು ಆವಿಯಾಗಲು ಹವಣಿಸುತ್ತದೆ, ಗಟ್ಟಿ ಸಿಪ್ಪೆ ಬಿಡುವುದಿಲ್ಲ. ಕಾಳಿನ ಬಿಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಳಗಿನ ಪಿಷ್ಟ ಗಂಜಿಯಂತೆ ಮೆತ್ತಗಾಗಿ, ಒತ್ತಡ ಹೊರಗಿನ ಗಾಳಿಗಿಂತ ಹಲವು ಪಟ್ಟು ಏರಿರುತ್ತದೆ. ಆಗ ಸಿಪ್ಪೆ ಸೀಳಿ, ಗಂಜಿ ನೊರೆಯಾಗಿ ಉಕ್ಕಿ, ಕ್ಷಣದಲ್ಲೇ ಆರಿ ಬಿಳಿ ಹೂವಾಗುತ್ತದೆ.

ಹಾಗಾದರೆ ಕೆಡುವುದು ಎರಡು ದಾರಿಯಲ್ಲಿ. ಕಾಳು ಒಣಗಿ ಆವಿಯೇ ಸಾಲದಿರಬಹುದು. ಇಲ್ಲವೇ ಸಿಪ್ಪೆಯಲ್ಲಿ ಕೂದಲೆಳೆಯ ಬಿರುಕಿದ್ದು ಆವಿ ಮೆಲ್ಲಗೆ ಸೋರಿಹೋಗಬಹುದು. ಉರಿ ತೀರಾ ಸಣ್ಣದಾದರೆ ಒಳ್ಳೆಯ ಕಾಳಿನ ತುದಿಯಿಂದಲೂ ಆವಿ ಜಾರಿಕೊಳ್ಳುತ್ತದೆ.

ಅವರ ಮನೆಯಲ್ಲಿ ಆಗಿದ್ದು ಯಾವುದು? ಪೊಟ್ಟಣ ಎಲ್ಲಿಡುತ್ತೀರಿ ಎಂದು ಕೇಳಿದೆ. ಬಾಯಿ ತೆರೆದ ಪೊಟ್ಟಣ ಜನವರಿಯಿಂದ ಒಲೆಯ ಪಕ್ಕದ ಕಪಾಟಿನಲ್ಲಿತ್ತು. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನ ಗಾಳಿ ಎಷ್ಟು ಒಣಗಿರುತ್ತದೆಂದು ನಮ್ಮ ತುಟಿಗಳಿಗೇ ಗೊತ್ತು. ಉಳಿದಿದ್ದದ್ದು 200 ಗ್ರಾಂ. ತೇವ ಶೇಕಡಾ 11ಕ್ಕೆ ಇಳಿದಿದೆ ಎಂದಿಟ್ಟುಕೊಂಡೆವು. ಆಗ ಅದರಲ್ಲಿ ಒಣ ಭಾಗ 178 ಗ್ರಾಂ. ಮತ್ತೆ ಶೇಕಡಾ 14 ಆಗಬೇಕಾದರೆ ಒಟ್ಟು ತೂಕ 207 ಗ್ರಾಂ ಇರಬೇಕು. ಅಂದರೆ ಬೇಕಾದದ್ದು 7 ಮಿಲಿಲೀಟರ್ ನೀರು, ಒಂದೂವರೆ ಟೀ ಚಮಚ ಮಾತ್ರ. ಅದನ್ನು ಗಾಜಿನ ಭರಣಿಯಲ್ಲಿ ಕಾಳಿನ ಮೇಲೆ ಚಿಮುಕಿಸಿ, ಮುಚ್ಚಳ ಬಿಗಿದು, ದಿನಕ್ಕೆರಡು ಸಲ ಕುಲುಕುತ್ತ ನಾಲ್ಕು ದಿನ ಬಿಡಲು ಹೇಳಿದೆ. ಕೈ ಧಾರಾಳವಾಗಬಾರದು: ನೀರು ಹೆಚ್ಚಾದರೆ ಅರಳು ಸಣ್ಣದಾಗಿ ಚರ್ಮದಂತೆ ಜಗ್ಗುತ್ತದೆ, ಕಾಳಿಗೆ ಬೂಷ್ಟೂ ಹಿಡಿಯುತ್ತದೆ.

ಡಬ್ಬಿಯಲ್ಲಿ ತಂದಿದ್ದ ಕಾಳುಗಳಿಗೆ ಈ ಉಪಚಾರ ಬೇಡವೆಂದೆ. ಒಮ್ಮೆ ಕಾದು ಆವಿ ಕಳೆದುಕೊಂಡದ್ದನ್ನು ನೆನೆಸಿದರೂ ಹೆಚ್ಚಿನವು ಅರಳುವುದಿಲ್ಲ, ಕಡಿದರೆ ಹಲ್ಲು ಸೀಳುವ ಭಯ.

ವಾರದ ನಂತರ ಫೋನ್ ಮಾಡಿದರು. ಮೊದಲು ನೂರು ಕಾಳಿಗೆ ಮೂವತ್ತರಷ್ಟು ಉಳಿಯುತ್ತಿದ್ದವು, ಈಗ ಎಂಟು. ಆ ಎಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದರಂತೆ. ಐದರ ಸಿಪ್ಪೆಯಲ್ಲಿ ಗೀರು ಕಂಡಿತಂತೆ.