ಓದುಗರ ಪ್ರಶ್ನೆ: ವಾಲ್ಯೂಮ್ ಬಟನ್ ಸರಿಯಿದೆ, ಮೈಕ್ ಮಾತ್ರ ಇಲ್ಲ, ಹೊಸ ರಿಮೋಟ್ ಕೊಳ್ಳಬೇಕೆ?

ಪ್ರಶ್ನೆ: "ನಮ್ಮದು ಆಂಡ್ರಾಯ್ಡ್ ಟಿವಿ. ರಿಮೋಟಿನ ಮೈಕ್ ಬಟನ್ ಒತ್ತಿ ಎಷ್ಟು ಮಾತಾಡಿದರೂ ಏನೂ ಆಗುವುದಿಲ್ಲ. ಉಳಿದ ಬಟನ್‌ಗಳೆಲ್ಲ ಕೆಲಸ ಮಾಡುತ್ತವೆ, ಹಾಗಾಗಿ ರಿಮೋಟ್ ಟಿವಿಗೆ ಜೋಡಣೆಯಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಮೈಕ್ ಹಾಳಾಗಿರಬೇಕು. ಹೊಸ ರಿಮೋಟ್ ತರಬೇಕೆ? ತಂದ ಮೇಲೆ ಯಾವ ರೀತಿ ಮಾತಾಡಿದರೆ ಅದಕ್ಕೆ ತಿಳಿಯುತ್ತದೆ?" — ಅಂಕೋಲಾದ ಓದುಗರೊಬ್ಬರು

ಉತ್ತರ: ದಯವಿಟ್ಟು ಹೊಸ ರಿಮೋಟ್ ತರಬೇಡಿ, ಕನಿಷ್ಠ ಈ ಉತ್ತರವನ್ನು ಪೂರ್ತಿ ಓದುವವರೆಗಾದರೂ ತಡೆಯಿರಿ. ಇದೇ ಪ್ರಶ್ನೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳಿಂದಲೂ ನನಗೆ ಬರುತ್ತಲೇ ಇದೆ, ಮತ್ತು ಪ್ರತಿ ಪತ್ರದಲ್ಲಿಯೂ ಅದೇ ಒಂದು ವಾಕ್ಯವಿರುತ್ತದೆ: "ಉಳಿದ ಬಟನ್‌ಗಳೆಲ್ಲ ಕೆಲಸ ಮಾಡುತ್ತವೆ, ಹಾಗಾಗಿ ಜೋಡಣೆಯಾಗಿದೆ." ಈ "ಹಾಗಾಗಿ" ಎಂಬ ಪದದಲ್ಲಿಯೇ ತಪ್ಪು ಇದೆ. ಉಳಿದ ಬಟನ್‌ಗಳು ಕೆಲಸ ಮಾಡುವುದಕ್ಕೂ ರಿಮೋಟ್ ಜೋಡಣೆಯಾಗಿರುವುದಕ್ಕೂ ಸಂಬಂಧವೇ ಇಲ್ಲದಿರಬಹುದು.

ನಿಮ್ಮ ಕೈಯಲ್ಲಿರುವುದು ಒಂದೇ ರಿಮೋಟ್ ಆದರೂ ಅದರೊಳಗೆ ಟಿವಿಯನ್ನು ತಲುಪುವ ದಾರಿಗಳು ಎರಡಿವೆ. ಮೊದಲನೆಯದು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕು. ಹಳೆಯ ಡಬ್ಬಿ ಟಿವಿಗಳ ಕಾಲದಿಂದಲೂ ರಿಮೋಟಿನ ಮೂತಿಯಲ್ಲಿರುವ ಪುಟ್ಟ ಬಲ್ಬು ಮಾಡುತ್ತಿರುವ ಕೆಲಸ ಇದೇ. ಇದಕ್ಕೆ ಜೋಡಣೆ ಎಂಬುದೇ ಬೇಡ, ಟಿವಿಯ ಕಡೆಗೆ ತೋರಿಸಿ ಒತ್ತಿದರೆ ಸಾಕು. ಎರಡನೆಯದು ಬ್ಲೂಟೂತ್ ಎಂಬ ರೇಡಿಯೊ ದಾರಿ. ಇಲ್ಲಿ ಟಿವಿಗೂ ರಿಮೋಟಿಗೂ ಮೊದಲೊಮ್ಮೆ ಪರಿಚಯ ಮಾಡಿಸಲೇಬೇಕು, ಅದನ್ನೇ ಜೋಡಣೆ ಅಥವಾ ಪೇರಿಂಗ್ ಎನ್ನುವುದು. ಆನ್, ಆಫ್, ವಾಲ್ಯೂಮ್‌ನಂತಹ ಸಣ್ಣ ಸಂಕೇತಗಳು ಬೆಳಕಿನ ದಾರಿಯಲ್ಲಿ ಸಲೀಸಾಗಿ ಹೋಗುತ್ತವೆ. ನಿಮ್ಮ ಧ್ವನಿ ಮಾತ್ರ ಬ್ಲೂಟೂತ್ ದಾರಿಯಲ್ಲಿಯೇ ಹೋಗಬೇಕು. ಆದ್ದರಿಂದ ಜೋಡಣೆ ಕಳಚಿದ ದಿನವೂ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ, ಬಾಣದ ಬಟನ್‌ಗಳು ಮೆನುವಿನಲ್ಲಿ ಓಡಾಡುತ್ತವೆ, ಮೈಕ್ ಒಂದೇ ಸುಮ್ಮನಾಗುತ್ತದೆ. ನೋಡುವವರಿಗೆ ಮೈಕ್ ಕೆಟ್ಟಂತೆಯೇ ಕಾಣುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲಿಯೇ ಪರೀಕ್ಷೆ ಮಾಡಿ ನೋಡಬಹುದು. ರಿಮೋಟಿನ ಮೂತಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಹಿಡಿದು ಬಾಣದ ಬಟನ್ ಒತ್ತಿ. ಬರಿದೇ ಬೇರೆ ದಿಕ್ಕಿಗೆ ತಿರುಗಿಸಿದರೆ ಸಾಲದು, ಏಕೆಂದರೆ ಆ ಬೆಳಕು ಗೋಡೆಗೆ ಬಡಿದು ಹಿಂದಿರುಗಿ ಟಿವಿಯನ್ನು ಮುಟ್ಟಬಲ್ಲದು. ಮೂತಿ ಮುಚ್ಚಿದ ಮೇಲೆಯೂ ಮೆನು ಅಲುಗಾಡಿದರೆ ಬ್ಲೂಟೂತ್ ಜೋಡಣೆ ಬಹುತೇಕ ಇದೆ. ಅಲುಗಾಡದಿದ್ದರೆ ಆ ಬಟನ್ ಬೆಳಕಿನ ದಾರಿಯಲ್ಲಿ ಹೋಗುತ್ತಿದೆ ಎಂದಷ್ಟೇ ಅರ್ಥ. ಕೆಲವು ರಿಮೋಟ್‌ಗಳು ಜೋಡಣೆಯಾದ ಮೇಲೂ ವಾಲ್ಯೂಮನ್ನು ಬೆಳಕಿನಲ್ಲಿಯೇ ಕಳಿಸುವುದರಿಂದ ವಾಲ್ಯೂಮ್ ಬಟನ್‌ನಿಂದ ಈ ಪರೀಕ್ಷೆ ಮಾಡಬೇಡಿ. ಅನುಮಾನ ಉಳಿದರೆ ಟಿವಿಯ `Settings` ಒಳಗೆ `Remotes & Accessories` ತೆರೆದು, ಪಟ್ಟಿಯಲ್ಲಿ ರಿಮೋಟಿನ ಹೆಸರು ಇದೆಯೇ ಎಂದು ನೋಡಿದರೆ ಆಯಿತು.

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಹತ್ತಿರದ ನಮ್ಮ ಭಾವನ ಮನೆಗೆ ಹೋದಾಗ ಅವರು ಎರಡು ರಿಮೋಟ್‌ಗಳನ್ನು ಮೇಜಿನ ಮೇಲಿಟ್ಟು, "ವಾಲ್ಯೂಮೆಲ್ಲ ಆಗ್ತು, ಮೈಕೊಂದೇ ಆಗ್ತಿಲ್ಲೆ ಭಾವ, ಎರಡರಲ್ಲೂ ಆಗ್ತಿಲ್ಲೆ" ಎಂದರು. ಒಂದು ಟಿವಿಯ ಜೊತೆಗೆ ಬಂದದ್ದು, ಇನ್ನೊಂದು ಪೇಟೆಯಿಂದ ತಂದ ಹೊಸದು. ಎರಡೂ ನೋಡಲು ಒಂದೇ ಅಚ್ಚು, ಎರಡರಲ್ಲಿಯೂ ಮೈಕ್ ಚಿತ್ರದ ಬಟನ್ ಇತ್ತು. ಬೆಳಕಿಗೆ ಹಿಡಿದು ನೋಡಿದಾಗ ವ್ಯತ್ಯಾಸ ತಿಳಿಯಿತು. ಹಳೆಯದರ ತಲೆಯ ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಇತ್ತು, ಮೈಕ್ ಅದರ ಹಿಂದೆ ಕುಳಿತಿರುತ್ತದೆ. ಹೊಸದರಲ್ಲಿ ಆ ತೂತೇ ಇರಲಿಲ್ಲ. ಅದು ಬೆಳಕಿನ ದಾರಿ ಮಾತ್ರ ಇರುವ ನಕಲು ರಿಮೋಟ್, ಬ್ಲೂಟೂತೂ ಇಲ್ಲ, ಮೈಕೂ ಇಲ್ಲ. ಅದರ ಮೈಕ್ ಬಟನ್ ಬರಿಯ ಅಚ್ಚು.

ಹಳೆಯ ರಿಮೋಟಿಗೆ ಆದದ್ದೇನೆಂದು ಕೇಳುತ್ತಾ ಹೋದಾಗ, ಟಿವಿ ನಿಧಾನವಾಯಿತೆಂದು ಮೊಮ್ಮಗ ಅದನ್ನು ಫ್ಯಾಕ್ಟರಿ ರಿಸೆಟ್ ಮಾಡಿದ್ದ ಸಂಗತಿ ಹೊರಬಂತು. ರಿಸೆಟ್ ಮಾಡಿದರೆ ಟಿವಿ ತನ್ನ ಹಳೆಯ ಪರಿಚಯಗಳನ್ನೆಲ್ಲ ಮರೆಯುತ್ತದೆ, ರಿಮೋಟಿನ ಜೋಡಣೆಯೂ ಅದರೊಂದಿಗೆ ಹೋಗುತ್ತದೆ. ಆಮೇಲೆ ಟಿವಿ ಕೇಳಿದ ಜೋಡಣೆಯ ಪರದೆಯನ್ನು ಹುಡುಗ ದಾಟಿಸಿಬಿಟ್ಟಿದ್ದ.

ನಾವು ಮೊದಲು ಮಾಡಿದ್ದು ಸೆಲ್ ತೆಗೆದು ನೋಡಿದ್ದು. ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮಳೆಗಾಲದ ತೇವದಲ್ಲಿ ಇದು ಸಾಮಾನ್ಯ, ಕಡಲಿನ ಉಪ್ಪುಗಾಳಿ ಬಡಿಯುವ ಕಾರವಾರದ ಮನೆಗಳಲ್ಲಿ ಇನ್ನೂ ಬೇಗ ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಎರಡೂ ಸೆಲ್‌ಗಳನ್ನು ಹೊಸದಾಗಿ ಹಾಕಿದೆವು. ಒಂದು ಹಳೆಯದು ಒಂದು ಹೊಸದು ಹಾಕುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಸೆಲ್ ಇಳಿದಾಗ ಬೆಳಕಿನ ಬಟನ್‌ಗಳು ನಡೆಯುತ್ತಿರುವಾಗಲೇ ಧ್ವನಿ ಕೈಕೊಡುವುದುಂಟು. ನಂತರ `Remotes & Accessories` ತೆರೆದು, ಹೊಸ ಸಾಧನ ಸೇರಿಸುವ ಸಾಲನ್ನು ಆರಿಸಿ, ಟಿವಿ ಪರದೆ ಹೇಳಿದ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದೆವು. ಕೆಲವೇ ಕ್ಷಣಗಳಲ್ಲಿ ರಿಮೋಟಿನ ಹೆಸರು ಪಟ್ಟಿಗೆ ಬಂತು. ಹೆಸರು ಮೊದಲೇ ಇದ್ದೂ ಮೈಕ್ ಆಡದಿದ್ದರೆ, ಆ ಹೆಸರನ್ನು ತೆಗೆದುಹಾಕಿ ಮತ್ತೆ ಸೇರಿಸಬೇಕು. ಬಾಣದ ಬಟನ್‌ಗಳೂ ಆಡದಿದ್ದಾಗ ಕಂಪ್ಯೂಟರಿನ ಮೌಸನ್ನು ಟಿವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿ ಈ ಮೆನುವಿಗೆ ಹೋಗಬಹುದು.

ಒತ್ತಬೇಕಾದ ಬಟನ್‌ಗಳು ಎಲ್ಲ ಟಿವಿಗೂ ಒಂದೇ ಅಲ್ಲ. ಅಮೆಜಾನ್ ಫೈರ್ ಟಿವಿಯಲ್ಲಿ ಹೋಮ್ ಬಟನನ್ನು ಹತ್ತು ಸೆಕೆಂಡ್ ಹಿಡಿಯಬೇಕು, ಎಲ್‌ಜಿ ಮ್ಯಾಜಿಕ್ ರಿಮೋಟನ್ನು ಟಿವಿಯತ್ತ ತೋರಿಸಿ ನಡುವಿನ ಚಕ್ರವನ್ನು ಒತ್ತಬೇಕು. ಉಳಿದವಕ್ಕೆ ಟಿವಿಯ ಕೈಪಿಡಿಯನ್ನು ನೋಡಿ.

ಜೋಡಣೆಯಾದ ಮೇಲೆ ಮೊದಲ ಸಲ ಮೈಕ್ ಒತ್ತಿದಾಗ ಟಿವಿ ಗೂಗಲ್ ಖಾತೆಯನ್ನೂ ಒಪ್ಪಿಗೆಯನ್ನೂ ಕೇಳುತ್ತದೆ, ಕೊಟ್ಟು ಮುಂದುವರಿಯಿರಿ. ಇಂಟರ್ನೆಟ್ ಬೇಕೇ ಬೇಕು, ಏಕೆಂದರೆ ನಿಮ್ಮ ಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸ ಹೆಚ್ಚಾಗಿ ಟಿವಿಯೊಳಗೆ ನಡೆಯದೆ ದೂರದ ಸರ್ವರಿನಲ್ಲಿ ನಡೆಯುತ್ತದೆ. ಮಗನ ಮೊಬೈಲಿನ ಹಾಟ್‌ಸ್ಪಾಟಿನಿಂದ ಟಿವಿ ನಡೆಸುವ ಮನೆಯಲ್ಲಿ ಮಗ ಪೇಟೆಗೆ ಹೋದ ಕೂಡಲೇ ಮೈಕ್ "ಹಾಳಾಗುವುದು" ಇದರಿಂದಲೇ. ಮಾತಾಡುವಾಗ ಟಿವಿಯತ್ತ ಕೂಗಬೇಕಾಗಿಲ್ಲ. ಮೈಕ್ ಇರುವುದು ಕೈಯಲ್ಲಿ, ಆದ್ದರಿಂದ ರಿಮೋಟನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಹೆಚ್ಚಿನ ರಿಮೋಟ್‌ಗಳಲ್ಲಿ ಮಾತು ಮುಗಿಯುವವರೆಗೂ ಬಟನ್ ಒತ್ತಿಯೇ ಇಟ್ಟುಕೊಂಡು, ಸಹಜ ಧ್ವನಿಯಲ್ಲಿ ಹೇಳಿದರೆ ಸಾಕು.

ಇನ್ನು ಎಂತಹ ಮಾತು ನಡೆಯುತ್ತದೆ ಎಂಬುದು. ಇದಕ್ಕೆ ನಾನು ಎಲ್ಲರಿಗೂ ಕಲಿಸುವುದು ಒಂದೇ ಅಭ್ಯಾಸ: ಮಾತಾಡಿದ ಮೇಲೆ ಪರದೆಯಲ್ಲಿ ಮೂಡುವ ಸಾಲನ್ನು ಓದಿ. ನೀವು ಹೇಳಿದ್ದೆಂದು ಟಿವಿ ತಿಳಿದುಕೊಂಡದ್ದು ಅಲ್ಲಿ ಬರೆದಿರುತ್ತದೆ. ಸಾಲೇ ಮೂಡದಿದ್ದರೆ ದೋಷ ಜೋಡಣೆಯಲ್ಲಿ, ಸೆಲ್‌ನಲ್ಲಿ ಅಥವಾ ಇಂಟರ್ನೆಟ್ಟಿನಲ್ಲಿದೆ. ಸಾಲು ತಪ್ಪಾಗಿ ಮೂಡಿದರೆ ದೋಷ ಭಾಷೆಯಲ್ಲಿದೆ ಅಥವಾ ಹಿಂದೆ ಫ್ಯಾನು, ಮಿಕ್ಸಿಗಳ ಸದ್ದಿದೆ. ಸಾಲು ಸರಿಯಾಗಿದ್ದೂ ಬೇರೇನೋ ತೆರೆದರೆ ಮೈಕಿನ ತಪ್ಪಿಲ್ಲ, ಕೇಳಿದ ರೀತಿಯನ್ನು ಬದಲಿಸಬೇಕು.

ಭಾವ ಬಡಗುತಿಟ್ಟಿನ ಯಕ್ಷಗಾನ ನೋಡುವವರು. ಅವರು ಮೊದಲು "ಒಂದು ಒಳ್ಳೆ ಯಕ್ಷಗಾನ ಇದ್ದರೆ ಹಾಕು ನೋಡೋಣ" ಎಂದು ಪೂರ್ತಿ ಕನ್ನಡದಲ್ಲಿ ಹೇಳಿದರು. ಟಿವಿಯ ಭಾಷೆ ಭಾರತದ ಇಂಗ್ಲಿಷ್‌ಗೆ ಇತ್ತು, ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಪದಗಳ ಸಾಲು ಮೂಡಿತು. ನಂತರ "ಪ್ಲೇ ಬಡಗುತಿಟ್ಟು ಯಕ್ಷಗಾನ ಆನ್ ಯೂಟ್ಯೂಬ್" ಎನ್ನಿಸಿದೆ. ಸಾಲು ಸರಿಯಾಗಿ ಮೂಡಿತು, ಪ್ರಸಂಗಗಳ ಪಟ್ಟಿಯೂ ಬಂತು. ಮಾಡಬೇಕಾದ ಕೆಲಸ, ಬೇಕಾದ ವಸ್ತುವಿನ ಹೆಸರು, ಅದು ಸಿಗುವ ಆ್ಯಪ್ ಎಂಬ ಮೂರನ್ನೂ ಹೇಳಿದರೆ ಟಿವಿಗೆ ಊಹೆ ಮಾಡುವ ಕೆಲಸ ಉಳಿಯುವುದಿಲ್ಲ. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಂತೆ ತಿರುಚದೆ ಸ್ಪಷ್ಟವಾಗಿ ಹೇಳಿ. ನಿಮ್ಮ ಟಿವಿಯ ಧ್ವನಿ ಸಹಾಯಕದ ಭಾಷಾಪಟ್ಟಿಯಲ್ಲಿ ಕನ್ನಡ ಇದ್ದರೆ ಆರಿಸಿ ಪ್ರಯತ್ನಿಸಿ, ಇಲ್ಲದಿದ್ದರೆ ಆಜ್ಞೆಯ ಪದವಷ್ಟೇ ಇಂಗ್ಲಿಷಿನದಾಗಿರಲಿ. "ಪಾಜ್", "ವಾಲ್ಯೂಮ್ ಅಪ್", "ಓಪನ್ ಯೂಟ್ಯೂಬ್", "ವೆದರ್ ಇನ್ ಕಾರವಾರ" ಎಂಬಂತಹವು ತಕರಾರಿಲ್ಲದೆ ನಡೆಯುತ್ತವೆ. ಎಲ್ಲ ಆ್ಯಪ್‌ಗಳೂ ತಮ್ಮ ಪಟ್ಟಿಯನ್ನು ಟಿವಿಯ ಹುಡುಕಾಟಕ್ಕೆ ಕೊಟ್ಟಿರುವುದಿಲ್ಲ. ಹೆಸರು ಸರಿಯಾಗಿ ಮೂಡಿಯೂ ಚಿತ್ರ ಸಿಗದಿದ್ದರೆ ಆ ಆ್ಯಪನ್ನು ತೆರೆದು ಅದರೊಳಗೆ ಹುಡುಕಬೇಕು.

ಅಂಕೋಲಾದವರು ಕೇಳಿಲ್ಲವಾದರೂ ಇದರ ಬೆನ್ನಿಗೇ ಬರುವ ಪ್ರಶ್ನೆಯೊಂದಿದೆ. ಮೈಕಿನಲ್ಲಿ ಚಾನೆಲ್ಲಿನ ಹೆಸರು ಹೇಳಿದರೆ ಡಿಶ್ಶಿನ ಚಾನೆಲ್ ಏಕೆ ಬದಲಾಗುವುದಿಲ್ಲ? ಏಕೆಂದರೆ ಚಾನೆಲ್ಲುಗಳು ಟಿವಿಯೊಳಗಿಲ್ಲ, ಸೆಟ್‌ಟಾಪ್ ಬಾಕ್ಸಿನೊಳಗಿವೆ. ಬಾಕ್ಸು ಎಚ್‌ಡಿಎಂಐ ತಂತಿಯಲ್ಲಿ ಸಿದ್ಧ ಚಿತ್ರವನ್ನು ಕಳಿಸುತ್ತದೆ, ಟಿವಿ ಅದನ್ನು ತೋರಿಸುತ್ತದೆ, ಅಷ್ಟೇ. "ಸ್ವಿಚ್ ಟು ಎಚ್‌ಡಿಎಂಐ ಒನ್" ಎಂದರೆ ಅನೇಕ ಟಿವಿಗಳು ಬಾಕ್ಸಿನ ಕಿಂಡಿಯವರೆಗೆ ನಿಮ್ಮನ್ನು ಕರೆದೊಯ್ಯುತ್ತವೆ, ಅಲ್ಲಿಂದ ಮುಂದೆ ಬಾಕ್ಸಿನ ಸ್ವಂತ ರಿಮೋಟನ್ನೇ ಹಿಡಿಯಬೇಕು. ಬಾಕ್ಸು ಆಂಡ್ರಾಯ್ಡಿನದಾಗಿದ್ದು ಅದರ ರಿಮೋಟಿನಲ್ಲಿಯೂ ಮೈಕ್ ಬಟನ್ ಇದ್ದರೆ, ಆ ರಿಮೋಟನ್ನು ಬಾಕ್ಸಿಗೆ ಜೋಡಿಸಬೇಕು, ಟಿವಿಗಲ್ಲ. ಮೆನು ತೆರೆಯಬೇಕಾದದ್ದೂ ಬಾಕ್ಸಿನದೇ.