ಎರಡು ತಿಂಗಳು ಸೊನ್ನೆ ಬಿಲ್, ಮೂರನೇ ತಿಂಗಳು ಎರಡು ಸಾವಿರ: ಯಾಕೆ ಹೀಗಾಯ್ತು?

ಪ್ರಶ್ನೆ: ನಾವು ಮಂಡ್ಯದಲ್ಲಿರೋದು. ಮನೆಯಲ್ಲಿ ನಾಲ್ಕು ಜನ. ಗೃಹಜ್ಯೋತಿ ಬಂದ ಮೇಲೆ ನಮಗೆ ಯಾವಾಗಲೂ ಸೊನ್ನೆ ಬಿಲ್ಲೇ. ಮಾರ್ಚ್, ಏಪ್ರಿಲ್‌ನಲ್ಲೂ ಸೊನ್ನೆ. ಮೇ ತಿಂಗಳಲ್ಲಿ ಮಾತ್ರ ಎರಡು ಸಾವಿರದ ಮೇಲೆ ಬಂದಿದೆ. ಹೊಸದಾಗಿ ಏನೂ ತಂದಿಲ್ಲ, ಎ.ಸಿ. ಇಲ್ಲ. ಮೀಟರ್ ಕೆಟ್ಟಿದೆ ಅಂತ ದೂರು ಕೊಡಬೇಕಾ?

ಉತ್ತರ: ದೂರು ಕೊಡುವ ಮುಂಚೆ ಫೆಬ್ರವರಿಯಿಂದ ಮೇವರೆಗಿನ ನಾಲ್ಕೂ ಬಿಲ್ ತೆಗೆದು ಪಕ್ಕಪಕ್ಕ ಇಡಿ. ನೀವು ಕಳಿಸಿದ ಫೋಟೋಗಳನ್ನು ನಾನೂ ಹಾಗೇ ಇಟ್ಟು ನೋಡಿದೆ. ಎಲ್ಲರ ಕಣ್ಣೂ ಹೋಗೋದು ಕೆಳಗಿನ ಮೊತ್ತದ ಮೇಲೆ. ವಿಷಯ ಇರೋದು ಮಧ್ಯದ ಸಾಲಲ್ಲಿ, ಮೀಟರ್ ರೀಡಿಂಗ್ ಬರೆದಿರುವ ಕಡೆ.

ಫೆಬ್ರವರಿಯಲ್ಲಿ ನಿಮ್ಮ ರೀಡಿಂಗ್ 10,420. ಅದು ರೀಡರ್ ಬಂದು ಮೀಟರ್ ನೋಡಿ ಬರೆದದ್ದು. ಮಾರ್ಚ್‌ನಲ್ಲಿ ಬಳಕೆ 110 ಯೂನಿಟ್. ಏಪ್ರಿಲ್‌ನಲ್ಲೂ ಸರಿಯಾಗಿ 110. ಒಂದು ಮನೆ ಎರಡು ತಿಂಗಳು ಒಂದು ಯೂನಿಟ್ ಕೂಡ ಆಚೀಚೆ ಆಗದಂತೆ ಕರೆಂಟ್ ಬಳಸೋದುಂಟಾ? ಎರಡೂ ಬಿಲ್‌ನಲ್ಲಿ ಡೋರ್ ಲಾಕ್ ಅನ್ನುವ ಗುರುತೂ ಇದೆ. ನಿಮ್ಮ ಮೀಟರ್ ಗ್ರಿಲ್ ಗೇಟಿನ ಒಳಗಿದೆ. ರೀಡರ್ ಬಂದ ಹೊತ್ತಿಗೆ ಬೀಗ ಹಾಕಿತ್ತು. ಆಗ ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಅಂದಾಜಿನ ಬಿಲ್ ಮಾಡುತ್ತಾರೆ. ಹಿಂದಿನ ತಿಂಗಳುಗಳು ಅಂದರೆ ಚಳಿಗಾಲ. ಫ್ಯಾನ್ ಹೆಚ್ಚು ತಿರುಗದ ದಿನಗಳು. ಬಿಲ್ ಆಗಿದ್ದು ಬೇಸಿಗೆಗೆ, ಅಂದಾಜು ಮಾತ್ರ ಚಳಿಗಾಲದ್ದು.

ಮೇನಲ್ಲಿ ಬಾಗಿಲು ತೆರೆದಿತ್ತು, ರೀಡಿಂಗ್ ಸಿಕ್ಕಿತು: 10,885. ಫೆಬ್ರವರಿಯಿಂದ ಒಟ್ಟು 465 ಯೂನಿಟ್. ಅದರಲ್ಲಿ ಅಂದಾಜಿನ 220 ಕಳೆದರೆ 245. ಈ 245 ಪೂರ್ತಿ ಮೇ ತಿಂಗಳ ತಲೆಗೇ ಬಿದ್ದಿದೆ. ನಿಜವಾಗಿ ನೀವು ಬಳಸಿದ್ದು 465ನ್ನು ಮೂರರಿಂದ ಭಾಗಿಸಿದರೆ ಎಷ್ಟೋ ಅಷ್ಟು, ತಿಂಗಳಿಗೆ 155.

ಗೃಹಜ್ಯೋತಿ ಲೆಕ್ಕ ಇಲ್ಲಿ ಬರುತ್ತದೆ. ಉಚಿತ ಯೂನಿಟ್ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ನಿಮ್ಮ ಪಾಲು ನಿಗದಿಯಾಗಿದೆ. ನಿಮ್ಮ ಸರಾಸರಿ 150 ಇತ್ತು, ಹಾಗಾಗಿ ಪಾಲು 165. ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ತಿಂಗಳಿಗೆ 155ರಂತೆ ಬರೆದಿದ್ದರೆ ಮೂರೂ ತಿಂಗಳು ಸೊನ್ನೆ ಬರಬೇಕಿತ್ತು. 110, 110, 245 ಅಂತ ಬರೆದಿದ್ದಕ್ಕೆ ಮೂರನೇ ತಿಂಗಳು ಗೆರೆ ದಾಟಿತು. ಬಳಸಿದ ಕರೆಂಟ್ ಅಷ್ಟೇ, ಬರೆದ ರೀತಿ ಬೇರೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಏಕೆಂದರೆ ಎಷ್ಟೋ ಜನ ಮನೆಯಲ್ಲಿ ಯಾರೋ ಜಾಸ್ತಿ ಉರಿಸಿದ್ದಾರೆ ಅಂತ ಒಬ್ಬರಿಗೊಬ್ಬರು ಬೈದುಕೊಂಡು ಸುಮ್ನೆ ಕಟ್ಟಿಬಿಡುತ್ತಾರೆ.

ಈಗ ಮೊತ್ತ ಹೇಗೆ ಬಂತು ನೋಡಿ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. 245 ಯೂನಿಟ್‌ಗೆ 1,421 ರೂಪಾಯಿ. ನೌಕರರ ಪಿಂಚಣಿಗೆಂದು ಯೂನಿಟ್‌ಗೆ 36 ಪೈಸೆ, ಅದು 88 ರೂಪಾಯಿ. ಶೇ. 9 ತೆರಿಗೆ ಸುಮಾರು 128. ಇನ್ನು ನಿಗದಿತ ಶುಲ್ಕ, ಅಂದರೆ ಫಿಕ್ಸೆಡ್ ಚಾರ್ಜ್. ಇದು ನೀವು ಬಳಸಿದ ಯೂನಿಟ್ ಮೇಲಲ್ಲ, ಮಂಜೂರಾದ ಲೋಡ್ ಮೇಲೆ. ಆ ದರದಲ್ಲಿ ಕಿಲೋವ್ಯಾಟ್‌ಗೆ 145 ರೂಪಾಯಿ. ನಿಮ್ಮದು 3 ಕಿಲೋವ್ಯಾಟ್, ಹಾಗಾಗಿ 435. ಎಲ್ಲ ಸೇರಿ 2,072 ರೂಪಾಯಿ. ಸೊನ್ನೆ ಬಿಲ್ ಬರುವಾಗ ಈ 435 ನಿಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಗೆರೆ ದಾಟಿದ ತಿಂಗಳು ಅದೂ ಒಟ್ಟಿಗೆ ಬಂತು. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ಹೇಳಿದ ಅಂತ ಜಾಸ್ತಿ ಲೋಡ್ ಹಾಕಿಸಿಕೊಂಡವರು ಅದನ್ನು ಇಳಿಸಿಕೊಡಿ ಅಂತ ಅರ್ಜಿ ಕೊಡಬಹುದು.

ಹಾಗಾದರೆ ಮೀಟರ್ ಮೇಲೆ ಅನುಮಾನವೇ ಬೇಡವಾ? ಬೇಡ ಅನ್ನಲಾರೆ, ಆದರೆ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಮೀಟರ್ ಮುಖದ ಮೇಲೆ 3200 imp/kWh ಅಂತಲೋ 1600 imp/kWh ಅಂತಲೋ ಬರೆದಿರುತ್ತದೆ. ಒಂದು ಯೂನಿಟ್‌ಗೆ ಮೀಟರ್ ಮೇಲಿನ ಕೆಂಪು ದೀಪದ ಚುಕ್ಕಿ ಅಷ್ಟು ಸಲ ಮಿನುಗಬೇಕು ಅಂತ ಅರ್ಥ. ಮನೆಯ ಎಲ್ಲ ಸ್ವಿಚ್ ಆರಿಸಿ. ಫ್ರಿಜ್ಜು, ಸೆಟ್‌ಟಾಪ್ ಬಾಕ್ಸ್, ವೈಫೈ ಪ್ಲಗ್ಗೂ ಕೀಳಿ. ಬಕೆಟ್ ನೀರಲ್ಲಿ 1000 ವ್ಯಾಟ್‌ನ ಹೀಟರ್ ರಾಡ್ ಒಂದನ್ನೇ ಇಟ್ಟು ಹಾಕಿ, ಆ ನೀರನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. 3200ರ ಮೀಟರ್ ಆದರೆ ಒಂದು ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ಕಡಿಮೆ ಇದ್ದರೆ 45ಕ್ಕೂ ಇಳಿಯಬಹುದು. ಎರಡು ಮೂರು ಸಲ ಎಣಿಸಿದರೂ 70, 80 ಬಂದರೆ ಮೀಟರ್ ಜೋರಾಗಿ ಓಡುತ್ತಿದೆ ಅಂತ ಅನುಮಾನಿಸಲು ಕಾರಣ ಇದೆ.

ಅದಾದ ಮೇಲೆ ರಾಡನ್ನೂ ಆರಿಸಿ ಚುಕ್ಕಿ ನೋಡಿ. ಏನೂ ಹಾಕಿಲ್ಲದಿದ್ದರೂ ಮಿನುಗುತ್ತಲೇ ಇದ್ದರೆ ಮೇನ್ ಸ್ವಿಚ್ ಕೆಳಗೆ ಮಾಡಿ. ಮೇನ್ ಆರಿಸಿದಾಗ ನಿಂತರೆ ದೋಷ ನಿಮ್ಮ ವೈರಿಂಗ್‌ನಲ್ಲಿದೆ. ಗೀಸರ್‌ನ ಎಲಿಮೆಂಟ್ ಅಥವಾ ಸಂಪ್ ಮೋಟಾರಿನ ವೈರ್ ಅರ್ಥ್ ಆಗಿ ಕರೆಂಟ್ ನೆಲಕ್ಕೆ ಸೋರುತ್ತಿರಬಹುದು. ಮೇನ್ ಆರಿಸಿದರೂ ನಿಲ್ಲದಿದ್ದರೆ ಮೀಟರ್ ದೋಷ, ಇಲ್ಲವೇ ಮೀಟರ್ ಮತ್ತು ಮೇನ್ ನಡುವೆ ಯಾರೋ ವೈರ್ ಎಳೆದಿದ್ದಾರೆ.

ಮೈಸೂರು, ಮಂಡ್ಯ ಕಡೆ ಮೇಲೆ ಕೆಳಗೆ ಎರಡು ಮನೆ ಮಾಡಿ ಒಂದನ್ನು ಬಾಡಿಗೆಗೆ ಕೊಡುವವರು ಬಹಳ. ಅಲ್ಲಿ ಇನ್ನೊಂದು ತೊಂದರೆ ಇದೆ. ಯು.ಪಿ.ಎಸ್. ಹಾಕುವಾಗ ಎಷ್ಟೋ ಸಲ ಮೇಲಿನ ಮನೆಯ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕೆಳಗಿನ ಮನೆಯದಕ್ಕೆ ಸೇರಿಹೋಗುತ್ತದೆ. ಇವತ್ತಿನ ಎಲೆಕ್ಟ್ರಾನಿಕ್ ಮೀಟರ್ ಕಳ್ಳತನ ತಡೆಯಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದರಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಮೇಲಿನವರ ಕರೆಂಟ್ ನಿಮ್ಮ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ನಿಮ್ಮ ಮೀಟರ್ ಓಡುತ್ತದೆ. ಮೀಟರ್ ತಪ್ಪು ಮಾಡುತ್ತಿಲ್ಲ, ವೈರಿಂಗ್ ತಪ್ಪಾಗಿದೆ. ಇದನ್ನು ಮೀಟರ್ ಬದಲಾಯಿಸಿ ಸರಿ ಮಾಡಲು ಆಗಲ್ಲ, ಒಳ್ಳೆಯ ಎಲೆಕ್ಟ್ರಿಷಿಯನ್ ಬೇಕು.

ಪರೀಕ್ಷೆಯಲ್ಲಿ ಮೀಟರ್ ಮೇಲೇ ಅನುಮಾನ ಉಳಿದರೆ ಮೀಟರ್ ಟೆಸ್ಟಿಂಗ್‌ಗೆ ಅರ್ಜಿ ಕೊಡಿ, ಅಥವಾ ಪಕ್ಕದಲ್ಲಿ ಚೆಕ್ ಮೀಟರ್ ಕೂರಿಸಿ ಅಂತ ಕೇಳಿ. ಎರಡೂ ಮೀಟರ್ ಒಂದೇ ಕರೆಂಟ್ ಅಳೆಯುವುದರಿಂದ ಕೆಲವು ದಿನದಲ್ಲಿ ವ್ಯತ್ಯಾಸ ತಿಳಿದುಬಿಡುತ್ತದೆ.

ನಿಮ್ಮ ವಿಷಯದಲ್ಲಿ ಅದರ ಅಗತ್ಯ ಕಾಣುತ್ತಿಲ್ಲ. ನಿಮ್ಮ ಸೆಕ್ಷನ್ ಆಫೀಸಿಗೆ ನಾಲ್ಕು ಬಿಲ್‌ಗಳ ಜೆರಾಕ್ಸ್ ಮತ್ತು ಮೀಟರ್ ಫೋಟೋ ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಡಿ. ಆರ್.ಆರ್. ನಂಬರ್ ಹಾಕಿ, ‘ಮಾರ್ಚ್, ಏಪ್ರಿಲ್ ಡೋರ್ ಲಾಕ್ ಬಿಲ್ ಆಗಿದೆ. 465 ಯೂನಿಟ್‌ಗಳನ್ನು ಮೂರು ತಿಂಗಳಿಗೆ ಹಂಚಿ, ಗೃಹಜ್ಯೋತಿ ಪ್ರಕಾರ ಬಿಲ್ ಪರಿಷ್ಕರಿಸಿ’ ಅಂತ ಇಷ್ಟೇ ಬರೆಯಿರಿ. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರನ್ನೂ ಪಡೆಯಿರಿ. ಬಿಲ್ ಕಟ್ಟುವ ಕೊನೇ ದಿನ ಹತ್ತಿರ ಇದ್ದರೆ, ಆ ದಿನದೊಳಗೇ ಅರ್ಜಿ ಕೊಡಿ.

ಮುಂದಿನ ತಿಂಗಳಿಂದ ರೀಡಿಂಗ್ ತಾರೀಖಿನ ದಿನ ಗೇಟಿಗೆ ಬೀಗ ಹಾಕಿ ಹೋಗುವುದಾದರೆ, ಕೀಲಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿ.